ಸ್ಕ್ಯಾನ್ ಆದ ಮನೆ, ಬೇರ್ಪಡದ ಕಸ: ದಕ್ಷಿಣ ಕೊಡಗಿನ ಒಂದು ಗ್ರಾಮ ಪಂಚಾಯಿತಿಯ ಕ್ಯೂಆರ್ ಕೋಡ್ ಪ್ರಕರಣ

ದಕ್ಷಿಣ ಕೊಡಗಿನ ಒಂದು ಗ್ರಾಮ ಪಂಚಾಯಿತಿಯು ಪ್ರತಿ ಮನೆಗೂ ಕ್ಯೂಆರ್ ಕೋಡ್ ಫಲಕ ಹಾಕಿ, ಕಸ ಸಂಗ್ರಹವಾಯಿತೇ ಎಂಬುದನ್ನೂ ಹಸಿ ಕಸ ಮತ್ತು ಒಣ ಕಸ ಬೇರೆಯಾಗಿತ್ತೇ ಎಂಬುದನ್ನೂ ಮೊಬೈಲ್‌ನಲ್ಲಿ ದಾಖಲಿಸಲು ಹೊರಟಿತು. ಆ ಪ್ರಯತ್ನದ ಮೊದಲ ವರ್ಷದಲ್ಲಿ ದತ್ತಾಂಶವನ್ನು ಪರಿಶೀಲಿಸುವ ಕೆಲಸದಲ್ಲಿ ನೆರವಾದ ನಾನು, ಇದೇ ದಾರಿಯಲ್ಲಿ ಹೊರಟಿರುವ ಬೇರೆ ಪಂಚಾಯಿತಿಗಳಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಪಂಚಾಯಿತಿಯ ಮತ್ತು ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಕಾಗದದಲ್ಲಿ ಇದು ಗ್ರಾಮವಾದರೂ ನಡುವೆ ಬಸ್ ನಿಲ್ದಾಣ, ಹೋಟೆಲ್‌ಗಳು, ಕೋಳಿ ಅಂಗಡಿಗಳು, ಬಾಡಿಗೆ ಮನೆಗಳ ಓಣಿಗಳು ಇರುವ ಒಂದು ಪೇಟೆ ಇದೆ. ಪೇಟೆ ದಾಟಿದರೆ ಕಾಫಿ ತೋಟಗಳು, ತೋಟದೊಳಗೆ ರಸ್ತೆಯಿಂದ ದೂರವಿರುವ ಒಂಟಿ ಮನೆಗಳು, ಕಾರ್ಮಿಕರ ಲೈನ್ ಮನೆಗಳು, ಹೋಂಸ್ಟೇಗಳು. ಎಲ್ಲ ಸೇರಿ ಸಾವಿರಕ್ಕೆ ತುಸು ಮೇಲ್ಪಟ್ಟ ಬಾಗಿಲುಗಳು. ಎರಡು ಸ್ವಚ್ಛ ವಾಹಿನಿಗಳಿದ್ದು, ಸ್ವಸಹಾಯ ಸಂಘಗಳ ಪಂಚಾಯಿತಿ ಮಟ್ಟದ ಒಕ್ಕೂಟದ ಮಹಿಳೆಯರೇ ಚಾಲಕಿಯರು ಮತ್ತು ಸಹಾಯಕಿಯರು. ಪೇಟೆಯಲ್ಲಿ ಹಸಿ ಕಸವನ್ನು ದಿನವೂ, ಒಣ ಕಸವನ್ನು ವಾರಕ್ಕೆ ಎರಡು ದಿನ ಎತ್ತಲಾಗುತ್ತಿತ್ತು. ತೋಟದ ಭಾಗಕ್ಕೆ ಗಾಡಿ ಹೋಗುತ್ತಿದ್ದುದು ವಾರಕ್ಕೊಮ್ಮೆ.

ಎತ್ತಿದ ಕಸ ಊರ ಹೊರಗಿನ ತ್ಯಾಜ್ಯ ವಿಲೇವಾರಿ ಘಟಕಕ್ಕೆ ಸೇರುತ್ತಿತ್ತು. ಅಲ್ಲಿನ ಮಹಿಳೆಯರು ಒಣ ಕಸವನ್ನು ಬಗೆ ಬಗೆಯಾಗಿ ಬೇರ್ಪಡಿಸಿ ಚೀಲ ಕಟ್ಟುತ್ತಿದ್ದರು, ಹಸಿ ಕಸವನ್ನು ಗೊಬ್ಬರದ ತೊಟ್ಟಿಗೆ ಹಾಕುತ್ತಿದ್ದರು. ಅವರ ದೂರು ಬಹಳ ಕಾಲದಿಂದ ಒಂದೇ ಆಗಿತ್ತು: ಹಸಿ ಕಸದಲ್ಲಿ ಹಾಲಿನ ಪ್ಯಾಕೆಟ್, ಶಾಂಪೂ ಸ್ಯಾಶೆ, ಡೈಪರ್ ಬರುತ್ತವೆ. ಅವನ್ನು ಕೈಯಿಂದ ಹೆಕ್ಕುವುದರಲ್ಲೇ ಮಧ್ಯಾಹ್ನವಾಗುತ್ತದೆ. ಹೆಕ್ಕದೆ ತೊಟ್ಟಿಗೆ ಹಾಕಿದರೆ ಆ ಗೊಬ್ಬರವನ್ನು ಯಾವ ತೋಟದವರೂ ಒಯ್ಯುವುದಿಲ್ಲ. ಆಗ ಜಾರಿಯಲ್ಲಿದ್ದ 2016ರ ಘನ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಸಿ, ಒಣ ಮತ್ತು ಮನೆಯ ಅಪಾಯಕಾರಿ ಕಸವನ್ನು ಮೂಲದಲ್ಲೇ ಬೇರೆ ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಯಾವ ಮನೆಯವರು ಮಾಡುತ್ತಿಲ್ಲ ಎಂಬುದು ಮಾತ್ರ ದಾಖಲೆಯಲ್ಲಿರಲಿಲ್ಲ. ಕ್ಯೂಆರ್ ಕೋಡ್‌ನಿಂದ ಪಂಚಾಯಿತಿ ಬಯಸಿದ್ದು ಈ ಒಂದು ಉತ್ತರವನ್ನು. ಅದನ್ನು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲಸ ಆರಂಭವಾದ ಮೇಲೆ ಈ ಪ್ರಶ್ನೆ ಹಿಂದೆ ಸರಿದು, ಎಷ್ಟು ಮನೆ ಸ್ಕ್ಯಾನ್ ಆಯಿತು ಎಂಬ ಲೆಕ್ಕವೇ ಮುಂದೆ ಬಂತು.

ಫಲಕ ಮತ್ತು ಅದರೊಳಗಿನ ಅಕ್ಷರಗಳು

ಗುತ್ತಿಗೆದಾರರು ಮೊದಲು ತಂದ ಮಾದರಿಯಲ್ಲಿ ಮನೆಯ ಯಜಮಾನರ ಹೆಸರು, ಮೊಬೈಲ್ ಸಂಖ್ಯೆ, ವಿಳಾಸ ಎಲ್ಲವನ್ನೂ ಕೋಡ್‌ನೊಳಗೇ ಸೇರಿಸಲಾಗಿತ್ತು. ಪಿಡಿಒ ಅದನ್ನು ಒಪ್ಪಲಿಲ್ಲ. ಬೀದಿಗೆ ಮುಖ ಮಾಡಿದ ಫಲಕವನ್ನು ದಾರಿಹೋಕರೂ ಸ್ಕ್ಯಾನ್ ಮಾಡಬಹುದು, ಒಂಟಿಯಾಗಿರುವ ಹಿರಿಯರ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಗೇಟಿಗೆ ತೂಗುಹಾಕಬಾರದು ಎಂಬುದು ಅವರ ವಾದ. ಆ ನಿರ್ಧಾರದಿಂದ ಇನ್ನೊಂದು ಲಾಭವೂ ಆಯಿತು. ಕ್ಯೂಆರ್ ಕೋಡ್‌ನಲ್ಲಿ ಮಾಹಿತಿ ಹೆಚ್ಚಿದಷ್ಟೂ ಚೌಕಗಳು ಹೆಚ್ಚುತ್ತವೆ, ಒಂದೊಂದು ಚೌಕವೂ ಸಣ್ಣದಾಗುತ್ತದೆ. ನೂರು ಇಂಗ್ಲಿಷ್ ಅಕ್ಷರದಷ್ಟು ವಿಳಾಸ ತುಂಬಿದರೆ ಸಾಲಿಗೆ ಸುಮಾರು 40 ಚೌಕವಾದರೂ ಬೇಕು. `W40317` ಎಂಬಂಥ ವಾರ್ಡ್ ಮತ್ತು ಮನೆ ಸಂಖ್ಯೆ ಮಾತ್ರ ಇದ್ದರೆ ಸಾಲಿಗೆ 21 ಚೌಕ ಸಾಕು, ಅದೂ ಶೇ 30ರಷ್ಟು ಭಾಗ ಹಾಳಾದರೂ ಓದಿಸಿಕೊಳ್ಳುವ ಅತ್ಯುನ್ನತ ದೋಷ ನಿವಾರಣಾ ಮಟ್ಟದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದ, ಗೋಡೆಗೆ ಪಾಚಿ ಹತ್ತುವ ಊರಿನಲ್ಲಿ ಈ ವ್ಯತ್ಯಾಸ ದೊಡ್ಡದು. ಕಾಗದದ ಸ್ಟಿಕ್ಕರ್ ಅಂಟಿಸಿದ ಪರೀಕ್ಷಾರ್ಥ ಓಣಿಯಲ್ಲಿ ಅಂಚುಗಳು ಮೊದಲ ಮಳೆಗೇ ಎದ್ದವು. ಆಮೇಲೆ ಅಲ್ಯೂಮಿನಿಯಂ ಹೊದಿಕೆಯ ಹಾಳೆಯ ಮೇಲೆ ಮುದ್ರಿಸಿದ ಫಲಕವನ್ನು ಎರಡು ಸ್ಕ್ರೂ ಹಾಕಿ ಕೂರಿಸಲಾಯಿತು. ಫಲಕದ ಮೇಲೆ ಮನೆ ಸಂಖ್ಯೆಯನ್ನು ಕಣ್ಣಿಗೆ ಕಾಣುವಂತೆ ದೊಡ್ಡದಾಗಿ ಬರೆಸಿದ್ದರಿಂದ, ಕೋಡ್ ಓದದಿದ್ದಾಗ ಸಂಖ್ಯೆಯನ್ನು ಕೈಯಿಂದ ಒತ್ತಲು ಸಾಧ್ಯವಾಯಿತು.

ಫಲಕ ಕೂರಿಸುವಾಗ ಜನರಿಂದ ಬಂದ ಮೊದಲ ಪ್ರಶ್ನೆ ಕಸದ ಬಗ್ಗೆ ಆಗಿರಲಿಲ್ಲ. "ಇದನ್ನ ಸ್ಕ್ಯಾನ್ ಮಾಡಿದ್ರೆ ನಮ್ಮ ಅಕೌಂಟಿಂದ ದುಡ್ಡು ಹೋಗ್ತದಾ ಅಕ್ಕ?" ಎಂದು ಒಬ್ಬ ವೃದ್ಧರು ಸಹಾಯಕಿಯನ್ನು ಕೇಳಿದರು. ಅಂಗಡಿಯಲ್ಲಿ ಹಣ ಕೊಡಲು ಬಳಸುವ ಕೋಡ್ ಅಷ್ಟೇ ಅವರಿಗೆ ಪರಿಚಯ. ಮಾಸಿಕ ಕಸದ ಶುಲ್ಕವನ್ನೂ ಇದೇ ಫಲಕದ ಮೂಲಕ ವಸೂಲು ಮಾಡೋಣ ಎಂಬ ಸಲಹೆಯನ್ನು ಪಂಚಾಯಿತಿ ಅಂದೇ ಕೈಬಿಟ್ಟಿತು. ಅದು ಸರಿಯಾದ ನಿರ್ಧಾರ ಎಂದು ಈಗಲೂ ನನ್ನ ಅಭಿಪ್ರಾಯ. ಬೀದಿಯಲ್ಲಿರುವ ಫಲಕವನ್ನು ಹಣ ಪಾವತಿಗೆ ಬಳಸಿದರೆ ಅದರ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿ ಹಣ ಹೊಡೆಯುವುದು ಸುಲಭ. ಅದಲ್ಲದೆ ಶುಲ್ಕ ಬಾಕಿ ಇರುವವರು ಫಲಕವನ್ನೇ ಬಿಚ್ಚಿಡುತ್ತಾರೆ.

ವರದಿಯಲ್ಲಿ ಎಲ್ಲವೂ ಚೆನ್ನಾಗಿತ್ತು

ಆ್ಯಪ್‌ನಲ್ಲಿ ಸಹಾಯಕಿ ಮಾಡಬೇಕಾದದ್ದು ಇಷ್ಟು: ಕೋಡ್ ಸ್ಕ್ಯಾನ್ ಮಾಡಿ, ವಿಂಗಡಣೆಯ ಗುಣಮಟ್ಟಕ್ಕೆ "ಉತ್ತಮ", "ಸಾಧಾರಣ", "ಕಳಪೆ" ಎಂಬ ಮೂರರಲ್ಲಿ ಒಂದನ್ನು ಒತ್ತಬೇಕು. ಮಳೆಗಾಲದ ಎರಡನೇ ತಿಂಗಳ ಹೊತ್ತಿಗೆ ವರದಿಯಲ್ಲಿ ಪೇಟೆಯ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮನೆಗಳು ದಿನವೂ ಸ್ಕ್ಯಾನ್ ಆಗುತ್ತಿದ್ದವು, ಬಹುಪಾಲು "ಉತ್ತಮ". ತಾಲ್ಲೂಕು ಪಂಚಾಯಿತಿಯ ಸಭೆಯಲ್ಲಿ ಈ ಅಂಕಿಗಳಿಗೆ ಮೆಚ್ಚುಗೆ ಸಿಕ್ಕಿತು.

ಅದೇ ವಾರ ಘಟಕದ ಹಿರಿಯ ಕೆಲಸಗಾರ್ತಿ ಪಿಡಿಒ ಅವರ ಮುಂದೆ ಒಂದು ಬುಟ್ಟಿ ತಂದಿಟ್ಟರು. ಒಂದೇ ಗಾಡಿಯ ಒಂದೇ ಸುತ್ತಿನ ಹಸಿ ಕಸದಿಂದ ಹೆಕ್ಕಿದ ಪ್ಲಾಸ್ಟಿಕ್ ಅದರಲ್ಲಿತ್ತು. "ಮೇಡಂ, ಮೊಬೈಲಲ್ಲಿ ಏನು ಬರ್ತದೋ ನನಗೆ ಗೊತ್ತಿಲ್ಲ. ಮೊದಲು ಹೆಂಗೆ ಬರ್ತಿತ್ತೋ ಈಗಲೂ ಹಂಗೇ ಬರ್ತಾ ಉಂಟು," ಎಂದರು. ಇಡೀ ಪ್ರಕರಣದ ತಿರುವು ಆ ಬುಟ್ಟಿಯೇ. ಬಾಗಿಲಲ್ಲಿ ಒತ್ತಿದ ಗುಂಡಿಯನ್ನು ಘಟಕದಲ್ಲಿ ಇಳಿದ ಕಸದ ಜೊತೆ ಹೋಲಿಸಿ ನೋಡುವ ಯಾವ ವ್ಯವಸ್ಥೆಯೂ ಅಲ್ಲಿಯವರೆಗೆ ಇರಲಿಲ್ಲ ಎಂಬುದು ಆಗ ಎಲ್ಲರ ಗಮನಕ್ಕೆ ಬಂತು.

ನಾವು ಶೇಕಡಾವಾರು ಪಟ್ಟಿಯನ್ನು ಪಕ್ಕಕ್ಕಿಟ್ಟು, ಆ ಸುತ್ತಿನ ಒಂದೊಂದು ಸ್ಕ್ಯಾನ್‌ನ ಸಮಯವನ್ನು ಸಾಲಾಗಿ ಇಳಿಸಿ ನೋಡಿದೆವು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗಿನ ಸ್ಕ್ಯಾನ್‌ಗಳು ಸಹಜವಾಗಿದ್ದವು: ಎರಡು ಮನೆಗಳ ನಡುವೆ ಕೆಲವೊಮ್ಮೆ ಅರ್ಧ ನಿಮಿಷ, ಕೆಲವೊಮ್ಮೆ ನಾಲ್ಕು ನಿಮಿಷ. ಮನೆ ಸಂಖ್ಯೆಗಳೂ ಗಾಡಿ ಸಾಗುವ ದಾರಿಯಂತೆ ರಸ್ತೆಯ ಎಡಬಲಕ್ಕೆ ಹಾರುತ್ತಿದ್ದವು. ಮಧ್ಯಾಹ್ನ ಎರಡೂವರೆಯ ನಂತರ ಮಾತ್ರ ನಲವತ್ತು ಮನೆಗಳು ಹತ್ತು ನಿಮಿಷದೊಳಗೆ, ಹದಿನೈದು ಸೆಕೆಂಡಿಗೊಂದರಂತೆ, ಮನೆ ಸಂಖ್ಯೆಯ ಏರಿಕೆಯ ಕ್ರಮದಲ್ಲಿ ಸ್ಕ್ಯಾನ್ ಆಗಿದ್ದವು. ಅಷ್ಟೂ "ಉತ್ತಮ". ಸ್ಥಳದ ಅಕ್ಷಾಂಶ ರೇಖಾಂಶಗಳು ಎಲ್ಲದಕ್ಕೂ ಒಂದೇ, ಅದು ಘಟಕದ ಅಂಗಳ. ಫಲಕಗಳ ಫೋಟೋಗಳನ್ನು ಇನ್ನೊಂದು ಮೊಬೈಲ್‌ನಲ್ಲಿ ಇಟ್ಟುಕೊಂಡು, ಬಿಟ್ಟುಹೋದ ಮನೆಗಳನ್ನು ಅಲ್ಲಿ ಕುಳಿತು ತುಂಬಿಸಲಾಗುತ್ತಿತ್ತು. ಆ್ಯಪ್ ಆರಂಭದಿಂದಲೂ ಸ್ಥಳವನ್ನು ದಾಖಲಿಸುತ್ತಿದ್ದರೂ ವರದಿಯ ಪುಟದಲ್ಲಿ ಅದು ಕಾಣುತ್ತಿರಲಿಲ್ಲ.

ಇಲ್ಲಿ ಪಂಚಾಯಿತಿಯ ಮುಂದೆ ಎರಡು ದಾರಿಗಳಿದ್ದವು. ಅಧ್ಯಕ್ಷರಿಗೆ ಚಾಲಕಿ ಮತ್ತು ಸಹಾಯಕಿಗೆ ನೋಟಿಸ್ ಕೊಡಬೇಕೆಂದಿತ್ತು. ಪಿಡಿಒ ಮೊದಲು ಅವರ ಜೊತೆ ಒಂದು ಬೆಳಿಗ್ಗೆ ಗಾಡಿಯಲ್ಲಿ ಹೋಗಿಬರೋಣ ಎಂದರು. ಜಡಿಮಳೆಯಲ್ಲಿ ಸಾಗಿದ ಆ ಸುತ್ತಿನಲ್ಲಿ ವಿಷಯ ತಿಳಿಯಿತು. ಒದ್ದೆಯಾದ ಪರದೆ ಬೆರಳಿಗೆ ಸ್ಪಂದಿಸುತ್ತಿರಲಿಲ್ಲ. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಕೊಡೆ ಹಿಡಿದವರಿಗೆ ಮೊಬೈಲ್ ಹಿಡಿಯಲು ಮೂರನೆಯ ಕೈ ಇರಲಿಲ್ಲ. ಇಳಿಜಾರಿನ ಓಣಿಯಲ್ಲಿ ನೆಟ್‌ವರ್ಕ್ ಹೋದಾಗ ಆ್ಯಪ್ ಸುತ್ತುತ್ತಲೇ ನಿಲ್ಲುತ್ತಿತ್ತು, ಹಿಂದಿನಿಂದ ಜೀಪಿನವರು ಹಾರ್ನ್ ಹೊಡೆಯುತ್ತಿದ್ದರು. ಇದರ ಮೇಲೆ, ಸ್ಕ್ಯಾನ್ ಪ್ರಮಾಣ ಶೇ 90ಕ್ಕಿಂತ ಕಡಿಮೆಯಾದರೆ ತಿಂಗಳ ಗೌರವಧನದಲ್ಲಿ ಕಡಿತವೆಂದು ಒಪ್ಪಂದದಲ್ಲಿ ಬರೆದಿತ್ತು. "ಕಸ ಬಿಟ್ಟು ಬಂದ್ರೆ ಯಾರೂ ಕೇಳೂದಿಲ್ಲ ಸಾರ್, ಸ್ಕ್ಯಾನ್ ಬಿಟ್ರೆ ದುಡ್ಡು ಹೋಗ್ತದೆ," ಎಂದು ಚಾಲಕಿ ಹೇಳಿದ್ದು ಜೊತೆಗಿದ್ದ ಕಾರ್ಯದರ್ಶಿಯವರಿಗೆ. ಬೀಗ ಹಾಕಿದ ಮನೆಯನ್ನು ದಾಖಲಿಸಲು ಆ್ಯಪ್‌ನಲ್ಲಿ ಆಯ್ಕೆಯೇ ಇರಲಿಲ್ಲವಾದ್ದರಿಂದ, ಸತ್ಯ ಬರೆದವರಿಗೆ ನಷ್ಟವಾಗುವಂತೆ ವ್ಯವಸ್ಥೆಯೇ ರೂಪುಗೊಂಡಿತ್ತು. ನೋಟಿಸ್ ಕೊಡಲಿಲ್ಲ. ಕಡಿತದ ಷರತ್ತನ್ನು ತೆಗೆಯಲಾಯಿತು.

ಏನನ್ನು ಬದಲಿಸಲಾಯಿತು

ಮೊದಲ ಬದಲಾವಣೆ ಗುಣಮಟ್ಟದ ಪ್ರಶ್ನೆಯಲ್ಲೇ ಆಯಿತು. "ಉತ್ತಮ, ಸಾಧಾರಣ, ಕಳಪೆ" ಎಂಬುದು ತೀರ್ಪು. ದಿನವೂ ಮುಖ ನೋಡುವ ಮನೆಯವರ ಎದುರಿಗೇ ಅವರ ಕಸ ಕಳಪೆ ಎಂದು ಒತ್ತುವುದು ಅದೇ ಊರಿನ ಹೆಣ್ಣುಮಗಳಿಗೆ ಕಷ್ಟ. ಒಬ್ಬರ "ಸಾಧಾರಣ" ಇನ್ನೊಬ್ಬರಿಗೆ "ಉತ್ತಮ" ಆಗುತ್ತಿದ್ದುದರಿಂದ ಎರಡು ಗಾಡಿಗಳ ಅಂಕಿಗಳನ್ನು ಹೋಲಿಸುವಂತೆಯೂ ಇರಲಿಲ್ಲ. ಇದರ ಬದಲು ಕಣ್ಣಿಗೆ ಕಂಡದ್ದನ್ನು ಕೇಳುವ ಎರಡು ಪ್ರಶ್ನೆಗಳು ಬಂದವು: ಹಸಿ ಕಸದ ಬಕೆಟ್ ಸುರಿದಾಗ ಪ್ಲಾಸ್ಟಿಕ್ ಕಂಡಿತೇ? ಒಣ ಕಸದ ಚೀಲ ಒದ್ದೆಯಾಗಿತ್ತೇ? ಹೌದು ಅಥವಾ ಇಲ್ಲ. ಒಣ ಚೀಲ ಒದ್ದೆಯಾಗಿದ್ದರೆ ಅದರೊಳಗೆ ಅನ್ನ, ಸಾರು ಅಥವಾ ಚಹಾ ಪುಡಿ ಇದೆ ಎಂದೇ ಸಾಮಾನ್ಯವಾಗಿ ಅರ್ಥ. ಅಂಥ ಒಂದು ಚೀಲ ಸುತ್ತಲಿನ ಕಾಗದ, ರಟ್ಟುಗಳನ್ನೂ ಮಾರಲಾಗದಂತೆ ಕೆಡಿಸುತ್ತದೆ. ಮಳೆಗಾಲದಲ್ಲಿ ಗೇಟಿನ ಹೊರಗೆ ತೂಗುಹಾಕಿದ ಚೀಲ ಮಳೆಗೆ ನೆನೆದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಸಹಾಯಕಿಯರೇ ಸೂಚಿಸಿದರು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡನೇ ಪ್ರಶ್ನೆಯನ್ನು ಮರೆಮಾಡಲಾಗುತ್ತದೆ. ಆಗಿನ ನಿಯಮದಂತೆ, ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಟ್ಟ ಸ್ಯಾನಿಟರಿ ಪ್ಯಾಡ್ ಮತ್ತು ಡೈಪರ್ ಒಣ ಕಸದ ಜೊತೆ ಬಂದರೆ ಅದು ತಪ್ಪಲ್ಲ, ಸುತ್ತದೆ ಹಸಿ ಕಸದೊಳಗೆ ಬಂದರೆ ತಪ್ಪು ಎಂಬುದನ್ನೂ ತರಬೇತಿಯಲ್ಲಿ ಸ್ಪಷ್ಟಪಡಿಸಬೇಕಾಯಿತು.

ಎರಡನೆಯದು ಘಟಕದಿಂದ ಬರುವ ಮರುಪರಿಶೀಲನೆ. ಗಾಡಿಯ ಪ್ರತಿ ಸುತ್ತಿನ ಹಸಿ ಕಸವನ್ನು ತೂಗಿ, ಅದರಿಂದ ಹೆಕ್ಕಿ ತೆಗೆದ ಬೇಡದ ವಸ್ತುವನ್ನು ಬೇರೆಯಾಗಿ ತೂಗಿ, ಎರಡನ್ನೂ ಸುತ್ತಿನ ಹೆಸರಿನಲ್ಲಿ ಬರೆಯಲಾಯಿತು. ಉದಾಹರಣೆಗೆ, ಒಂದು ಸುತ್ತಿನಲ್ಲಿ 180 ಕಿಲೊ ಹಸಿ ಕಸ ಬಂದು 14 ಕಿಲೊ ಪ್ಲಾಸ್ಟಿಕ್ ಮತ್ತಿತರ ವಸ್ತು ಹೊರಬಿದ್ದರೆ ಬೆರಕೆ ಸುಮಾರು ಶೇ 8. ಅದೇ ಸುತ್ತಿನ ನೂರು ಮನೆಗಳಲ್ಲಿ ಎರಡರಲ್ಲಿ ಮಾತ್ರ ಪ್ಲಾಸ್ಟಿಕ್ ಕಂಡಿತೆಂದು ದಾಖಲಾಗಿದ್ದರೆ, ಬಾಗಿಲಿನ ದಾಖಲೆಯನ್ನು ನಂಬಲಾಗದು. ಈ ತೂಕ ಯಾವ ಮನೆಯ ತಪ್ಪೆಂದು ಹೇಳುವುದಿಲ್ಲ. ಆದರೆ ಯಾವ ಸುತ್ತಿನ ಸ್ಕ್ಯಾನ್‌ಗಳನ್ನು ಮತ್ತೆ ನೋಡಬೇಕೆಂದು ತೋರಿಸುತ್ತದೆ, ಅಷ್ಟು ಸಾಕು. ಹಾಗೆ ಗುರುತಾದ ಸುತ್ತಿನಲ್ಲಿ ಮರುದಿನ ಬೇರೊಬ್ಬರು ಹತ್ತು ಮನೆಗಳ ಬಕೆಟ್‌ಗಳನ್ನು ಗಾಡಿ ಬರುವ ಮೊದಲೇ ನೋಡಿ ಬರುತ್ತಾರೆ.

ಮೂರನೆಯದಾಗಿ, ನೆಟ್‌ವರ್ಕ್ ಇಲ್ಲದಿದ್ದರೂ ದಾಖಲೆ ಮೊಬೈಲ್‌ನಲ್ಲೇ ಉಳಿದು ಘಟಕಕ್ಕೆ ಬಂದಾಗ ರವಾನೆಯಾಗುವಂತೆ ಮಾಡಲಾಯಿತು. ಸ್ಕ್ಯಾನ್ ಆದ ಸಮಯ ಮತ್ತು ರವಾನೆಯಾದ ಸಮಯ ಎರಡೂ ಉಳಿಯಬೇಕೆಂಬುದನ್ನು ಇಲ್ಲಿ ಮರೆಯಬಾರದು. ಒಂದೇ ಉಳಿದರೆ ಪ್ರಾಮಾಣಿಕವಾಗಿ ತಡವಾಗಿ ರವಾನೆಯಾದದ್ದೂ ಕುಳಿತು ತುಂಬಿಸಿದ್ದೂ ಒಂದೇ ರೀತಿ ಕಾಣುತ್ತವೆ. ಗುತ್ತಿಗೆದಾರರು ಮನೆಯಿಂದ 20 ಮೀಟರ್ ಆಚೆ ಮಾಡಿದ ಸ್ಕ್ಯಾನ್ ಅನ್ನು ಆ್ಯಪ್ ತಿರಸ್ಕರಿಸುವಂತೆ ಮಾಡೋಣ ಎಂದಿದ್ದರು. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ, ಬೆಟ್ಟದ ಇಳಿಜಾರಿನಲ್ಲಿ ಮೊಬೈಲ್ ತೋರಿಸುವ ಸ್ಥಳ ಹಲವು ಹತ್ತು ಮೀಟರ್ ಆಚೀಚೆಯಾಗುವುದು ಸಾಮಾನ್ಯ. ಪರೀಕ್ಷಿಸಿದಾಗ ಗೇಟಿನ ಎದುರಿಗೇ ನಿಂತು ಮಾಡಿದ ಸ್ಕ್ಯಾನ್‌ಗಳೂ ತಿರಸ್ಕೃತವಾದವು. ಹಾಗಾಗಿ ಯಾವುದನ್ನೂ ತಿರಸ್ಕರಿಸದೆ, ಮನೆ ಸಂಖ್ಯೆಯ ಕ್ರಮದಲ್ಲಿ ಒಂದೇ ಅಂತರದಲ್ಲಿ ಬಂದ ಸ್ಕ್ಯಾನ್‌ಗಳಿಗೆ ಗುರುತು ಹಾಕುವುದನ್ನಷ್ಟೇ ಉಳಿಸಿಕೊಳ್ಳಲಾಯಿತು. ನನ್ನ ಅನುಭವದಲ್ಲಿ ಸಮಯದ ಅಂತರ ಸ್ಥಳಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ.

ತೋಟದ ಮನೆ, ಲೈನ್ ಮನೆ, ಹೋಂಸ್ಟೇ

ಪೇಟೆಯಲ್ಲಿ ಇಷ್ಟು ಸರಿಹೋದರೂ ತೋಟದ ಭಾಗದ ವರದಿ ವಿಚಿತ್ರವಾಗಿತ್ತು. ಅತ್ಯಂತ ಅಸಹಕಾರಿ ಮನೆಗಳ ಪಟ್ಟಿಯಲ್ಲಿ, ಪಂಚಾಯಿತಿಯಲ್ಲೇ ಅತ್ಯಂತ ಅಚ್ಚುಕಟ್ಟಾಗಿ ಕಸ ನಿರ್ವಹಿಸುವ ಮನೆಗಳು ಸೇರಿದ್ದವು. ಇವರು ಅಡುಗೆ ಮನೆಯ ಕಸವನ್ನು ಸಗಣಿ, ಕಾಫಿ ಸಿಪ್ಪೆಯ ಜೊತೆ ತಮ್ಮದೇ ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು. ಗಾಡಿಗೆ ಕೊಡಲು ಹಸಿ ಕಸವೇ ಇರಲಿಲ್ಲ. ಒಣ ಕಸವನ್ನೂ ತೊಳೆದು ಒಣಗಿಸಿ, ಚೀಲ ತುಂಬಿದ ಮೇಲೆ ತಿಂಗಳಿಗೊಮ್ಮೆ ಕೊಡುತ್ತಿದ್ದರು. ಆ್ಯಪ್‌ಗೆ ಇದೆಲ್ಲ "ಕಸ ಕೊಟ್ಟಿಲ್ಲ". ಅಂಥ ಒಂದು ಮನೆಗೆ ತಿಳಿವಳಿಕೆ ಪತ್ರ ಹೋದಾಗ ಆ ಮನೆಯ ಹಿರಿಯರು ನೊಂದುಕೊಂಡದ್ದು ಸಹಜವೇ. "ಮನೆಯಲ್ಲೇ ಗೊಬ್ಬರ" ಎಂಬ ಶಾಶ್ವತ ಗುರುತನ್ನು, ಒಮ್ಮೆ ಗುಂಡಿಯನ್ನು ಕಣ್ಣಾರೆ ಕಂಡು, ಆ ಮನೆಗಳ ದಾಖಲೆಗೆ ಸೇರಿಸಲಾಯಿತು. ಅವರಿಂದ ಕಸ ಬಾರದ ದಿನ ಈಗ ಕೊರತೆಯಾಗಿ ಎಣಿಕೆಯಾಗುವುದಿಲ್ಲ. ಕೊಡಗಿನಂಥ ಕಡೆ ಈ ಒಂದು ಆಯ್ಕೆ ಇಲ್ಲದ ಆ್ಯಪ್ ಅನ್ನು ಒಪ್ಪಿಕೊಳ್ಳಲೇಬಾರದು. ನಗರಕ್ಕೆಂದು ಮಾಡಿದ ಸಾಫ್ಟ್‌ವೇರ್ ಹೆಚ್ಚು ಕಸ ಕೊಟ್ಟ ಮನೆಯನ್ನು ಹೆಚ್ಚು ಸಹಕಾರಿ ಎಂದು ಎಣಿಸುತ್ತದೆ.

ಲೈನ್ ಮನೆಗಳ ತೊಂದರೆ ಬೇರೆ. ಫಲಕಗಳನ್ನು ಆಸ್ತಿ ತೆರಿಗೆಯ ಪಟ್ಟಿಯಂತೆ ಹಂಚಿದ್ದರಿಂದ ಎಂಟು ಕುಟುಂಬಗಳಿರುವ ಒಂದು ಸಾಲಿಗೆ ತೋಟದ ಮಾಲೀಕರ ಹೆಸರಿನ ಒಂದೇ ಕೋಡ್ ಸಿಕ್ಕಿತ್ತು. ಬೆರಕೆ ಎಂದು ದಾಖಲಾದರೆ ಎಂಟು ಮನೆಯಲ್ಲಿ ಯಾರದ್ದೆಂದು ಗೊತ್ತಾಗುತ್ತಿರಲಿಲ್ಲ, ಸಂದೇಶ ಮಾತ್ರ ಬೇರೆ ಊರಿನಲ್ಲಿರುವ ಮಾಲೀಕರ ಫೋನಿಗೆ ಹೋಗುತ್ತಿತ್ತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಗಾಡಿ ಬರುವ ಹೊತ್ತಿಗೆ ಎಲ್ಲರೂ ತೋಟದಲ್ಲಿರುತ್ತಿದ್ದರು. ಕಡೆಗೆ ಒಲೆಗೊಂದು ಕೋಡ್ ಎಂಬ ನಿಯಮ ಮಾಡಿ ಪ್ರತಿ ಬಾಗಿಲಿಗೂ ಸಣ್ಣ ಫಲಕ ಹಾಕಲಾಯಿತು. ಆ ಭಾಗದ ಸುತ್ತನ್ನು ಕೆಲಸಕ್ಕೆ ಹೊರಡುವ ಮುಂಚಿನ ಏಳು ಗಂಟೆಗೆ ತರಲಾಯಿತು. ಅಸ್ಸಾಂನಿಂದ ಬಂದಿದ್ದ ಕುಟುಂಬಗಳಿಗೆ ಕನ್ನಡದ ಕರಪತ್ರದಿಂದ ಉಪಯೋಗವಿರಲಿಲ್ಲ. ಸಹಾಯಕಿ ಎರಡು ಬಕೆಟ್ ಒಯ್ದು, ಅವರ ಕಸವನ್ನೇ ಅವರ ಮುಂದೆ ಬೇರೆ ಮಾಡಿ ತೋರಿಸಿದ ಮೇಲೆಯೇ ಬದಲಾವಣೆ ಕಂಡಿತು.

ಹೋಂಸ್ಟೇಗಳಲ್ಲಿ ಮಾತ್ರ ಫಲಿತಾಂಶ ದುರ್ಬಲವಾಗಿಯೇ ಉಳಿದಿದೆ. ವಾರದ ನಡುವೆ ಒಂದು ಬಕೆಟ್ ಕೊಡುವ ಮನೆ ಸೋಮವಾರ ಬೆಳಿಗ್ಗೆ ಐದಾರು ದೊಡ್ಡ ಚೀಲ ಇಡುತ್ತದೆ. ಬಾಟಲಿ, ಊಟದ ಪೊಟ್ಟಣ, ಎಂಜಲು ಎಲ್ಲ ಒಂದಾಗಿ. ಕೋಡ್ ಒಂದೇ ಸ್ಕ್ಯಾನ್ ತೋರಿಸುತ್ತದೆ. ಇವುಗಳಿಗೆ ವಾಣಿಜ್ಯ ದರದ ಶುಲ್ಕ ಮತ್ತು ಬೇರೆ ಬಣ್ಣದ ಫಲಕ ಕೊಟ್ಟು ಚೀಲಗಳ ಸಂಖ್ಯೆಯನ್ನು ಬರೆಯುವ ಖಾನೆ ಸೇರಿಸಲಾಗಿದೆ. ನೋಂದಣಿ ಇಲ್ಲದೆ ಕೋಣೆ ಬಾಡಿಗೆಗೆ ಕೊಡುವವರು ತಮ್ಮದು ವಾಸದ ಮನೆ ಎಂದೇ ಹೇಳುವುದರಿಂದ ಇದು ಎಲ್ಲರಿಗೂ ಮುಟ್ಟಿಲ್ಲ.

ಬೆರಕೆ ಕಂಡ ಮನೆಗೆ ಏನು ಮಾಡಬೇಕು

ದಂಡದ ಬಗ್ಗೆ ಪಂಚಾಯಿತಿ ಸಭೆಯಲ್ಲಿ ಬಿಸಿ ಚರ್ಚೆ ನಡೆಯಿತು. ಒಂದು ಸ್ಕ್ಯಾನ್ ಆಧಾರದ ಮೇಲೆ ದಂಡ ಹಾಕಿದರೆ, ಆ ಗುಂಡಿ ಒತ್ತಿದ ಮಹಿಳೆ ಮರುದಿನ ಅದೇ ಬಾಗಿಲಿಗೆ ಹೋಗಬೇಕೆಂಬುದನ್ನು ಒಕ್ಕೂಟದ ಅಧ್ಯಕ್ಷೆ ನೆನಪಿಸಿದರು. ಅದಾದ ಮೇಲೆ ಒಪ್ಪಿದ ಕ್ರಮವಿದು: ಎರಡು ವಾರದಲ್ಲಿ ಮೂರು ಸಲ ಪ್ಲಾಸ್ಟಿಕ್ ಕಂಡ ಮನೆಯ ಸಂಖ್ಯೆ ಮಾತ್ರ ಪಟ್ಟಿಗೆ ಬರುತ್ತದೆ. ಆ ಮನೆಗೆ ಗಾಡಿಯವರಲ್ಲದೆ ಬೇರೊಬ್ಬರು, ಸಾಮಾನ್ಯವಾಗಿ ಆ ವಾರ್ಡಿನ ಸದಸ್ಯರು ಮತ್ತು ಒಕ್ಕೂಟದ ಒಬ್ಬರು, ಹೋಗಿ ಮಾತಾಡುತ್ತಾರೆ. ಅಲ್ಲಿಗೂ ಸರಿಹೋಗದಿದ್ದರೆ ಮಾತ್ರ ನೋಟಿಸ್. ಭೇಟಿಗಳಲ್ಲಿ ಹೊರಬಿದ್ದ ಕಾರಣಗಳು ಬಹುತೇಕ ಸರಳವಾಗಿದ್ದವು. ಎರಡನೇ ಬಕೆಟ್ ಇಲ್ಲದಿರುವುದು, ನಾಯಿ ಬಕೆಟ್ ಉರುಳಿಸುವುದರಿಂದ ಎಲ್ಲವನ್ನೂ ಒಂದು ಚೀಲಕ್ಕೆ ಕಟ್ಟುವುದು, ಬಾಡಿಗೆದಾರರು ಬದಲಾಗಿ ಹೊಸಬರಿಗೆ ಯಾರೂ ಹೇಳದಿರುವುದು. ಒಂದು ಓಣಿಯ ಪಟ್ಟಿ ಅರ್ಧಕ್ಕೆ ಇಳಿದದ್ದು ಮುಚ್ಚಳವಿರುವ ಬಕೆಟ್ ಕೊಟ್ಟ ಮೇಲೆ.

ಘಟಕದ ತೂಕದಲ್ಲಿ ಪೇಟೆಯ ಸುತ್ತುಗಳ ಬೆರಕೆ ನಿಧಾನವಾಗಿ ಇಳಿಯಿತು. ಇದೇ ಅವಧಿಯಲ್ಲಿ ವರದಿಯ ಸ್ಕ್ಯಾನ್ ಪ್ರಮಾಣವೂ ಇಳಿದು ನೂರಕ್ಕೆ ಎಪ್ಪತ್ತರ ಆಸುಪಾಸಿಗೆ ಬಂತು. ಬೀಗ ಹಾಕಿದ ಮನೆ, ಕಸ ಇಲ್ಲದ ದಿನ ಎಲ್ಲವೂ ಈಗ ಇದ್ದಂತೆಯೇ ದಾಖಲಾಗುತ್ತಿದ್ದವು. ಈ ಇಳಿಕೆಯನ್ನು ಮೇಲಿನ ಕಚೇರಿಗೆ ವಿವರಿಸುವುದು ಪಿಡಿಒ ಅವರಿಗೆ ಸುಲಭವಾಗಲಿಲ್ಲ. ಅವರು ಎರಡು ಅಂಕಿಗಳನ್ನೂ, ಘಟಕದ ತೂಕದ ಪುಸ್ತಕವನ್ನೂ ಒಟ್ಟಿಗೇ ಕೊಂಡೊಯ್ದರು.

ಕೊನೆಯ ಬದಲಾವಣೆ ಸಮಯಕ್ಕೆ ಸಂಬಂಧಿಸಿದ್ದು. ಮನೆಗೆ ಹನ್ನೆರಡು ಸೆಕೆಂಡ್ ಹಿಡಿದರೂ ಮುನ್ನೂರು ಮನೆಯ ಸುತ್ತಿನಲ್ಲಿ ಸ್ಕ್ಯಾನ್‌ಗೇ ಒಂದು ಗಂಟೆ ಹೋಗುತ್ತದೆ. ಕಸ ಎತ್ತುವವರ ದಿನದಿಂದ ಅಷ್ಟು ಹೊತ್ತನ್ನು ಪ್ರತಿದಿನ ತೆಗೆಯುವುದು ನ್ಯಾಯವಲ್ಲ, ಅಷ್ಟು ದಾಖಲೆ ಬೇಕಾಗಿಯೂ ಇಲ್ಲ. ಈಗ ಒಣ ಕಸದ ಒಂದು ದಿನ ಎಲ್ಲ ಮನೆಗಳನ್ನು ಸ್ಕ್ಯಾನ್ ಮಾಡಲಾಗುತ್ತದೆ. ಉಳಿದ ದಿನ ಹಸಿ ಕಸ ಎತ್ತುವಾಗ ಪಟ್ಟಿಯಲ್ಲಿರುವ ಮನೆಗಳನ್ನು ಮತ್ತು ಆ್ಯಪ್ ಬೆಳಿಗ್ಗೆ ತಾನೇ ಆರಿಸಿ ಕೊಡುವ ಇಪ್ಪತ್ತು ಮನೆಗಳನ್ನು ಮಾತ್ರ. ಯಾವ ಇಪ್ಪತ್ತು ಎಂಬುದು ಗಾಡಿ ಹೊರಟ ಮೇಲಷ್ಟೇ ತೆರೆಯ ಮೇಲೆ ಬರುತ್ತದೆ.